ಮಾಮುವಿನ ಹದಿನೆಂಟು ಸಾವಿರ

ಗೂಳೂರಿನಲ್ಲಿ ಟೈಲರ್ ಅಂಗಡಿ ಇಟ್ಟಿರುವ ನಮ್ಮ ಮಾಮು, ಫೋನಿನಲ್ಲಿ ಬಂದ ಮಾತು ನಂಬಿ ಷೇರು ಟಿಪ್ಸ್‌ಗೆಂದು ಆರು ತಿಂಗಳಿಗೆ 18,000 ರೂಪಾಯಿ ಕಟ್ಟಿದ್ದರು. ತಿಂಗಳಿಗೆ ಶೇ. 10 ಲಾಭ ಗ್ಯಾರಂಟಿ ಅಂದಿದ್ದರಂತೆ. ಎರಡು ತಿಂಗಳಲ್ಲಿ ಆದದ್ದು ನಷ್ಟ. ಸಾಕು, ನಿಲ್ಲಿಸಿ ಎಂದರೆ, ಇನ್ನೂ 10,000 ಕಟ್ಟಿ ದೊಡ್ಡ ಪ್ಲಾನ್‌ಗೆ ಬನ್ನಿ, ನಷ್ಟ ತುಂಬಿಕೊಡುತ್ತೇವೆ ಎಂದರು!

ನಾನು ಮೊದಲು ರಸೀದಿ ನೋಡಿದೆ. INH ಎಂದು ಶುರುವಾಗುವ ನೋಂದಣಿ ಸಂಖ್ಯೆ ಇತ್ತು. ಸೆಬಿ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಸಂಖ್ಯೆಯ ಎದುರು ಅದೇ ಕಂಪನಿಯ ಹೆಸರು ಸಿಕ್ಕಿತು. ಹೆಸರು ಬೇರೆ ಇದ್ದಿದ್ದರೆ ನಾವು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು.

ಲಾಭದ ಗ್ಯಾರಂಟಿ ಕೊಡುವುದನ್ನು ಸೆಬಿ ನಿಷೇಧಿಸಿದೆ. ಆದರೆ ಆಡಿದ ಮಾತಿಗೆ ಸಾಕ್ಷಿ ಎಲ್ಲಿ? "ನೀವು ಹೇಳಿದ 10 ಪರ್ಸೆಂಟ್ ಯಾವಾಗ ಬರುತ್ತೆ ಸಾರ್?" ಎಂದು ಮಾಮು ವಾಟ್ಸಾಪ್‌ನಲ್ಲಿ ಕೇಳಿದರು. "ಮುಂದಿನ ತಿಂಗಳು ಪಕ್ಕಾ" ಎಂಬ ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು.

ಆಮೇಲೆ ಇಮೇಲ್ ಬರೆದೆವು: ಇಂದಿನಿಂದ ಸೇವೆ ಬೇಡ, ಬಳಸದ ನಾಲ್ಕು ತಿಂಗಳ ಶುಲ್ಕ 12,000 ವಾಪಸ್ ಕೊಡಿ. ಹತ್ತು ದಿನ ಕಾದರೂ ಉತ್ತರವಿಲ್ಲ. ಮಾಮುವಿನ ಪ್ಯಾನ್ ಸಂಖ್ಯೆ ಕೊಟ್ಟು scores.sebi.gov.in ನಲ್ಲಿ ದೂರು ದಾಖಲಿಸಿ, ರಸೀದಿ, ಇಮೇಲ್, ಸ್ಕ್ರೀನ್‌ಶಾಟ್ ಸೇರಿಸಿದೆವು. ಅಲ್ಲಿ ದೂರು ಬಿದ್ದರೆ ಕಂಪನಿ 21 ದಿನದೊಳಗೆ ಉತ್ತರಿಸಬೇಕು.

ಹದಿನಾರನೇ ದಿನ 12,000 ಖಾತೆಗೆ ಬಂತು. ಷೇರಿನಲ್ಲಿ ಹೋದ ಹಣ ಹೋಯಿತು. ಮಾಮುಗೆ ಈಗಲೂ ಹೊಸ ಹೊಸ ನಂಬರುಗಳಿಂದ ಕರೆ ಬರುತ್ತಿದೆ.