ಎಪ್ಪತ್ತು ಹೆಸರು, ಎಷ್ಟು ಮಕ್ಕಳು?

ಪುಣೆಯಲ್ಲಿ ಮಗಳು ಓದುವ ಶಾಲೆಯ ಪಾಲಕರ ಸಮಿತಿಯಲ್ಲಿ ಈ ವರ್ಷ ನಾನೂ ಇದ್ದೇನೆ. ಏಳನೇ ತರಗತಿಗೆ ವೇಳಾಪಟ್ಟಿಯಲ್ಲೇ ಒಂದು ಆಟದ ಪೀರಿಯಡ್ ಬೇಕೆಂಬ ಬೇಡಿಕೆ ಚರ್ಚೆಗೆ ಬಂತು. ಸಂಜೆಯ ಅಭ್ಯಾಸಕ್ಕೆ ಹೆಸರು ಕೊಟ್ಟವರು ಕ್ರಿಕೆಟ್‌ಗೆ 28, ಬ್ಯಾಡ್ಮಿಂಟನ್‌ಗೆ 23, ಖೊಖೊಗೆ 19. "ಒಟ್ಟು ಎಪ್ಪತ್ತಾಯಿತು. ಎಲ್ಲರೂ ಆಡುತ್ತಿದ್ದಾರಲ್ಲ, ಮತ್ತೆ ಪೀರಿಯಡ್ ಯಾಕೆ?" ಎಂದರು ಒಬ್ಬರು.

ಆದರೆ ತರಗತಿಯಲ್ಲಿ ಇರುವುದೇ 58 ಮಕ್ಕಳು. 70 ಎನ್ನುವುದು ಹೆಸರುಗಳ ಲೆಕ್ಕ, ಮಕ್ಕಳ ಲೆಕ್ಕವಲ್ಲ. ಎರಡು ಆಟ ಆಡುವ ಹುಡುಗಿ ಅದರಲ್ಲಿ ಎರಡು ಸಲ ಬಂದಿದ್ದಾಳೆ, ಮೂರೂ ಆಡುವವಳು ಮೂರು ಸಲ.

ಪಟ್ಟಿಗಳನ್ನು ಎರಡೆರಡಾಗಿ ಹೋಲಿಸಿದೆವು. ಕ್ರಿಕೆಟ್ ಮತ್ತು ಬ್ಯಾಡ್ಮಿಂಟನ್ ಎರಡರಲ್ಲೂ 10 ಹೆಸರು, ಬ್ಯಾಡ್ಮಿಂಟನ್ ಮತ್ತು ಖೊಖೊದಲ್ಲಿ 8, ಕ್ರಿಕೆಟ್ ಮತ್ತು ಖೊಖೊದಲ್ಲಿ 9. ಈ 27ನ್ನು ಕಳೆದರೆ 43 ಉಳಿಯುತ್ತದೆ. ಎರಡು ಆಟದವರು ಈಗ ಸರಿಯಾಗಿ ಒಂದೇ ಸಲ ಲೆಕ್ಕದಲ್ಲಿದ್ದಾರೆ. ಮೂರೂ ಆಡುವವರ ಕತೆ ಬೇರೆ: ಅವರು ಮೂರು ಸಲ ಸೇರಿದ್ದರು, ಮೂರು ಜೋಡಿಗಳಲ್ಲೂ ಇರುವುದರಿಂದ ಮೂರು ಸಲ ಹೊರಗೆ ಹೋದರು. ಅಂದರೆ ಅತಿ ಹೆಚ್ಚು ಆಡುವವರೇ ಲೆಕ್ಕದಿಂದ ಪೂರ್ತಿ ಮಾಯ! ಅಂಥವರು 4 ಮಂದಿ. ಅವರನ್ನು ಮತ್ತೆ ಒಂದು ಸಲ ಸೇರಿಸಬೇಕು.

70 − 27 + 4 = 47

ಎಡವುವುದು "ಎರಡೂ ಆಡುವವರು" ಎಂಬ ಮಾತಿನಲ್ಲಿ. ನಮ್ಮ 10ರಲ್ಲಿ ಮೂರೂ ಆಡುವ ಆ 4 ಮಂದಿಯೂ ಇದ್ದಾರೆ. ಯಾರಾದರೂ ಅದನ್ನು "ಎರಡನ್ನು ಮಾತ್ರ ಆಡುವವರು" ಎಂದು ತಿಳಿದು ಎಣಿಸಿದ್ದರೆ 6 ಬರುತ್ತಿತ್ತು, ಮೇಲಿನ ಸೂತ್ರ ಅಲ್ಲಿ ಹೊಂದುವುದಿಲ್ಲ. ಆದ್ದರಿಂದ ಮೂರು ವೃತ್ತ ಬರೆದು ಒಳಗಿನಿಂದ ಹೊರಕ್ಕೆ ತುಂಬಿ ತಾಳೆ ನೋಡುವುದು ಒಳ್ಳೆಯದು. ನಡುವೆ 4, ಎರಡನ್ನು ಮಾತ್ರ ಆಡುವವರು 6, 4, 5, ಒಂದನ್ನೇ ಆಡುವವರು ಕ್ರಿಕೆಟ್ 13, ಬ್ಯಾಡ್ಮಿಂಟನ್ 9, ಖೊಖೊ 6. ಕೂಡಿದರೆ ಅದೇ 47. ಯಾವುದಾದರೂ ಭಾಗದಲ್ಲಿ ಸೊನ್ನೆಗಿಂತ ಕಡಿಮೆ ಬಂದರೆ ಕೊಟ್ಟ ಅಂಕಿಗಳಲ್ಲೇ ದೋಷವಿದೆ ಎಂದರ್ಥ.

58ರಲ್ಲಿ 47 ಕಳೆದರೆ 11. ಯಾವ ಆಟವನ್ನೂ ಆಡದ ಈ ಮಕ್ಕಳು ಮೂರು ಪಟ್ಟಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ಸೂತ್ರ ಎಷ್ಟು ಜನ ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಅದಕ್ಕೆ ಹಾಜರಿ ಪುಸ್ತಕ ತರಿಸಿ, ಪಟ್ಟಿಗಳಲ್ಲಿದ್ದ ಹೆಸರುಗಳಿಗೆ ಗುರುತು ಹಾಕುತ್ತ ಹೋದೆವು. ಗುರುತಿಲ್ಲದೆ ಉಳಿದ 11ರಲ್ಲಿ 7 ಮಕ್ಕಳು ದೂರದ ಬಡಾವಣೆಯ ಶಾಲಾ ಬಸ್ಸಿನವರು. ಸಂಜೆ ಅಭ್ಯಾಸ ಶುರುವಾಗುವ ಹೊತ್ತಿಗೆ ಅವರ ಬಸ್ಸು ಗೇಟು ದಾಟಿರುತ್ತದೆ.