ತಲೆನೋವಿನ ಫೋನು

ಕಳೆದ ದೀಪಾವಳಿ ಆಫರ್‌ನಲ್ಲಿ ಇಎಂಐ ಮೇಲೆ ಹೊಸ ಫೋನ್ ತಗೊಂಡೆ. ನನ್ನ ಮೊದಲ ಓಎಲ್‌ಇಡಿ ಸ್ಕ್ರೀನು. ಎರಡು ವಾರ ಆಗಿರಲಿಲ್ಲ, ರಾತ್ರಿ ಹತ್ತಾದರೆ ಹುಬ್ಬಿನ ಮೇಲೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ ನೋವು. ಶಿವಮೊಗ್ಗದಿಂದ ಅಮ್ಮ ವಿಡಿಯೊ ಕಾಲ್ ಮಾಡಿದರೆ ಐದು ನಿಮಿಷಕ್ಕೇ "ಆಮೇಲೆ ಮಾಡ್ತೀನಮ್ಮ" ಅಂತ ಇಟ್ಟುಬಿಡುತ್ತಿದ್ದೆ. "ಅವನಿಗೆ ನನ್ನ ಮಾತು ಬೇಜಾರು ಬಂದಿದೆ ಕಣೆ" ಅಂತ ಅವಳು ತಂಗಿ ಹತ್ತಿರ ಹೇಳಿದ್ದು ಗೊತ್ತಾದಾಗ ತಲೆನೋವಿಗಿಂತ ಜಾಸ್ತಿ ನೋವಾಯಿತು.

ಕಣ್ಣಿನ ಡಾಕ್ಟರು ನೋಡಿ, ನಂಬರ್ ಬದಲಾಗಿಲ್ಲ, ಕಣ್ಣು ಚೆನ್ನಾಗಿದೆ ಅಂದರು. ಬ್ಲೂ ಲೈಟ್ ಕನ್ನಡಕ ಕೊಂಡೆ, ಡಾರ್ಕ್ ಮೋಡ್ ಹಾಕಿದೆ. ಉಪಯೋಗವಾಗಲಿಲ್ಲ. ವಿಚಿತ್ರ ಅಂದರೆ ಆಫೀಸಿನಲ್ಲಿ ಎಂಟು ಗಂಟೆ ಮಾನಿಟರ್ ನೋಡಿದರೂ ಏನೂ ಆಗುತ್ತಿರಲಿಲ್ಲ. ಹಗಲು ಇದೇ ಫೋನ್ ನೋಡಿದರೂ ಇಲ್ಲ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಬ್ರೈಟ್‌ನೆಸ್ ಇಳಿಸಿದಷ್ಟೂ ನೋವು ಏರುತ್ತಿತ್ತು.

ಅಲ್ಲೇ ಸುಳಿವಿತ್ತು. ಓಎಲ್‌ಇಡಿಗೆ ಕರೆಂಟ್ ತೀರಾ ಕಡಿಮೆ ಮಾಡಿದರೆ ಬಣ್ಣ ಕೆಡುತ್ತದೆ, ಸ್ಕ್ರೀನಿನ ಮೇಲೆ ಕಲೆಕಲೆ ಕಾಣುತ್ತದೆ. ಹಾಗಾಗಿ ಬಹಳಷ್ಟು ಫೋನ್‌ಗಳು ಬೆಳಕನ್ನು ನಿಜವಾಗಿ ತಗ್ಗಿಸುವುದಿಲ್ಲ, ಬೇಗಬೇಗ ಹತ್ತಿಸಿ ಆರಿಸುತ್ತವೆ. ಇದೇ ಪಲ್ಸ್ ವಿಡ್ತ್ ಮಾಡ್ಯುಲೇಷನ್, ಅಂದರೆ ಪಿಡಬ್ಲ್ಯುಎಂ. ನನ್ನ ಫೋನ್ ಇದನ್ನು ಸೆಕೆಂಡಿಗೆ 240 ಸಲ ಮಾಡುತ್ತಿತ್ತು. ಒಂದೊಂದು ಸುತ್ತಿಗೆ ಸುಮಾರು 4 ಮಿಲಿಸೆಕೆಂಡು. ಅರ್ಧ ಬೆಳಕು ಬೇಕಾದರೆ ಅದರಲ್ಲಿ 2 ಮಿಲಿಸೆಕೆಂಡು ಬೆಳಕು, 2 ಕತ್ತಲೆ. ಹತ್ತರಲ್ಲೊಂದು ಪಾಲು ಸಾಕಾದರೆ 0.4 ಬೆಳಕು, ಉಳಿದ 3.6 ಪೂರ್ತಿ ಕತ್ತಲೆ. ಕಣ್ಣು ಇದನ್ನೆಲ್ಲ ಸೇರಿಸಿ 'ಮಂದ ಬೆಳಕು' ಅಂತ ನೋಡುತ್ತದೆ. ಮಿನುಗು ನಮಗೆ ಕಾಣುವುದಿಲ್ಲ, ಆದರೆ ಕೆಲವರ ತಲೆಗೆ ತಾಗುತ್ತದೆ. ನನ್ನ ತಂಗಿ ಇದೇ ಫೋನಿನಲ್ಲಿ ಮಧ್ಯರಾತ್ರಿವರೆಗೆ ಸೀರಿಯಲ್ ನೋಡಿ ಆರಾಮಾಗಿ ಮಲಗುತ್ತಾಳೆ!

ಕಾಣದ್ದನ್ನು ನೋಡುವುದು ಸುಲಭ. ಇನ್ನೊಂದು ಫೋನಿನ ಕ್ಯಾಮೆರಾವನ್ನು ಪ್ರೊ ಮೋಡ್‌ಗೆ ಹಾಕಿ, ಶಟರ್ 1/2000 ಇಟ್ಟು, ಬಿಳಿ ಪುಟ ತೆರೆದ ನನ್ನ ಫೋನಿನ ಫೋಟೊ ತೆಗೆದೆ. ಬ್ರೈಟ್‌ನೆಸ್ ಪೂರ್ತಿ ಇದ್ದಾಗ ಒಂದು ಸಣ್ಣ ಗೆರೆ ಮಾತ್ರ. ಅದು ಸ್ಕ್ರೀನ್ ರಿಫ್ರೆಶ್ ಆಗುವಾಗ ಬರುವುದು. ಕಾಲು ಭಾಗಕ್ಕೆ ಇಳಿಸಿದೆ. ಜಮಖಾನೆಯ ಹಾಗೆ ದಪ್ಪ ಕಪ್ಪು ಪಟ್ಟೆಗಳು!

ಪಟ್ಟೆ ಕಂಡ ಮಾತ್ರಕ್ಕೆ ತಲೆನೋವಿಗೆ ಅದೇ ಕಾರಣ ಅನ್ನಲಾಗುವುದಿಲ್ಲವಲ್ಲ. ಅದಕ್ಕೇ ತಂಗಿಯನ್ನು ಒಪ್ಪಿಸಿದೆ. ಹತ್ತು ರಾತ್ರಿ, ಅವಳಿಗೆ ತೋಚಿದ ಸರದಿಯಲ್ಲಿ, ಐದು ದಿನ ಬ್ರೈಟ್‌ನೆಸ್ಸನ್ನೇ ಇಳಿಸಿಟ್ಟಳು. ಉಳಿದ ಐದು ದಿನ ಬ್ರೈಟ್‌ನೆಸ್ 70 ಪರ್ಸೆಂಟ್‌ನಲ್ಲಿಟ್ಟು, ಆ್ಯಂಡ್ರಾಯ್ಡ್‌ನ Extra dim ಹಾಕಿ ಅಷ್ಟೇ ಮಂದ ಮಾಡಿಕೊಟ್ಟಳು. ಈ ಸೆಟ್ಟಿಂಗ್ ಬಣ್ಣಗಳನ್ನು ಕಪ್ಪಗೆ ಮಾಡುತ್ತದೆ, ಹತ್ತಿ ಆರುವ ಲೆಕ್ಕವನ್ನು ಮುಟ್ಟುವುದಿಲ್ಲ. ಐಫೋನ್‌ನಲ್ಲಿ ಇಂಥದ್ದೇ Reduce White Point ಇದೆ. ಯಾವ ದಿನ ಯಾವುದು ಅಂತ ನಾನು ನೋಡಲಿಲ್ಲ, ನೋವು ಬಂತೋ ಇಲ್ಲವೋ ಅಂತಷ್ಟೇ ಬರೆದಿಟ್ಟೆ. ಮೊದಲ ಬಗೆಯ ಐದರಲ್ಲಿ ನಾಲ್ಕು ದಿನ ನೋವು, ಎರಡನೆಯದರಲ್ಲಿ ಒಂದೇ ದಿನ. ಹತ್ತು ರಾತ್ರಿಯ ಲೆಕ್ಕ ಸಂಶೋಧನೆಗೆ ಸಾಲದು, ನನಗೆ ಸಾಕಾಯಿತು. ಆಟೊ ಬ್ರೈಟ್‌ನೆಸ್ ಆಫ್ ಮಾಡಿ ಈಗ ಹಾಗೇ ಬಳಸುತ್ತಿದ್ದೇನೆ. ಇಎಂಐ ಮುಗಿಯಬೇಕಲ್ಲ!

ಆಮೇಲೆ ಅಮ್ಮನಿಗೆ ಫೋನ್ ಕೊಡಿಸುವ ಸರದಿ ಬಂತು. ಅವಳಿಗೆ ಹಳೆಯ ಅರೆತಲೆನೋವು ಬೇರೆ. ಅಂಗಡಿಗಳಲ್ಲಿ ಎಲ್ಲ ಸ್ಕ್ರೀನೂ ಫುಲ್ ಬ್ರೈಟ್‌ನೆಸ್‌ನಲ್ಲಿ ಝಗಮಗಿಸುತ್ತಿರುತ್ತವೆ. ಈ ದೋಷ ಅಲ್ಲಿ ಗೊತ್ತೇ ಆಗುವುದಿಲ್ಲ. ನಾನು ಒಂದೊಂದನ್ನೇ ರಾತ್ರಿ ಮಟ್ಟಕ್ಕೆ ಇಳಿಸಿ ಫೋಟೊ ತೆಗೆಯುತ್ತಿದ್ದರೆ ಅಂಗಡಿ ಹುಡುಗ ಅನುಮಾನದಿಂದ "ಏನ್ ಸರ್ ಮಾಡ್ತಿದ್ದೀರಾ?" ಅಂತ ಬಂದ. ತೋರಿಸಿದೆ. ಅವನೇ ಉತ್ಸಾಹದಿಂದ ಇನ್ನೂ ನಾಲ್ಕು ಫೋನ್ ತಂದಿಟ್ಟ.

ಒಂದರ ಡಬ್ಬಿ ಮೇಲೆ 3840 ಹರ್ಟ್ಸ್ ಅಂತಿತ್ತು. ಎಲ್‌ಇಡಿ ದೀಪಗಳಿಗಾಗಿ ಐಇಇಇ 2015ರಲ್ಲಿ ತಂದ 1789 ಎಂಬ ಶಿಫಾರಸಿನ ಪ್ರಕಾರ, ಪೂರ್ತಿ ಆರಿ ಹತ್ತುವ ಬೆಳಕಾದರೂ 1,250 ಹರ್ಟ್ಸ್ ದಾಟಿದರೆ ಅಪಾಯ ಕಡಿಮೆ, 3,000 ದಾಟಿದರೆ ಪರಿಣಾಮವೇ ಇರದ ಮಟ್ಟ. ಆ ಲೆಕ್ಕದಲ್ಲಿ ಇದು ಒಳ್ಳೆಯದೇ. ಫೋಟೊದಲ್ಲೂ ಪಟ್ಟೆಗಳು ಬಾಚಣಿಗೆ ಹಲ್ಲಿನಷ್ಟು ಸಣ್ಣ. ಆದರೆ ಕೆಲವು ಫೋನ್‌ಗಳು ಇಷ್ಟು ವೇಗವನ್ನು ಕಡಿಮೆ ಬೆಳಕಿನಲ್ಲಷ್ಟೇ ಬಳಸುತ್ತವೆ. 'ಡಿಸಿ ಡಿಮ್ಮಿಂಗ್' ಅಂದುಕೊಳ್ಳುವ ಕೆಲವು ಇದಕ್ಕೆ ಉಲ್ಟಾ, ಬೆಳಕು ತಗ್ಗಿದೊಡನೆ ಹಳೇ ಪಿಡಬ್ಲ್ಯುಎಂಗೇ ಮರಳುತ್ತವೆ. ಡಬ್ಬಿಗಿಂತ ಫೋಟೊ ನಂಬುವುದೇ ವಾಸಿ.

ಕೊನೆಗೆ ಒಂದು ಸಾಧಾರಣ ಎಲ್‌ಸಿಡಿ ಫೋನ್ ಆರಿಸಿದೆ. ಎಲ್‌ಸಿಡಿಗಳಲ್ಲೂ ಕೆಲವು ಮಿನುಗುತ್ತವೆ. ಇದು ಯಾವ ಬ್ರೈಟ್‌ನೆಸ್‌ನಲ್ಲೂ ಪಟ್ಟೆ ತೋರಿಸಲಿಲ್ಲ. ಕಪ್ಪು ಸ್ವಲ್ಪ ಬೂದಿ ಬಣ್ಣ, ಅಷ್ಟೆ. "ಬಣ್ಣ ಕಟ್ಕೊಂಡು ಏನಾಗಬೇಕೋ, ನಿನ್ ಮುಖ ಕಂಡ್ರೆ ಸಾಕು" ಅಂದಳು ಅಮ್ಮ. ಮೊನ್ನೆ ನಲವತ್ತು ನಿಮಿಷ ಮಾತಾಡಿದೆವು. ಇಡ್ತೀನಿ ಅಂದಿದ್ದು ಅವಳೇ, ಒಲೆ ಮೇಲೆ ಹಾಲಿಟ್ಟು ಬಂದಿದ್ದಳಂತೆ.