ಪೋಸ್ಟರ್ ಕಾಣದವರಿಗೆ ಅದು ಏನು ಹೇಳ್ತು?



ನನ್ನದೇ ಒಂದು ತಪ್ಪು ಹೇಳ್ಕೊಳ್ತೀನಿ. ಸ್ಮಶಾನದ ಜಾಗದ ವಿಚಾರಕ್ಕೆ ಸುಗಟೂರಲ್ಲಿ ಸಭೆ ಇಟ್ಟಿದ್ವಿ. ಫೇಸ್‌ಬುಕ್‌ನಲ್ಲಿ ಪೋಸ್ಟರ್ ಹಾಕಿ, ಮೇಲೆ ‘ತಪ್ಪದೇ ಬನ್ನಿ’ ಅಂತ ಮಾತ್ರ ಬರೆದಿದ್ದೆ. ಕಣ್ಣು ಕಾಣದ ನಮ್ಮ ಸಂಗಾತಿಯೊಬ್ಬರು ಬರಲಿಲ್ಲ. ಫೋನ್ ಮಾಡಿ ಕೇಳಿದ್ರೆ, “ಬನ್ನಿ ಅಂದ್ರಿ ಅಣ್ಣಾ, ಎಲ್ಲಿಗೆ ಅಂತ ಹೇಳ್ಲೇ ಇಲ್ವಲ್ಲ” ಅಂದ್ರು.

ಅವರ ಫೋನಿನಲ್ಲಿ ಪರದೆ ಮೇಲಿರೋದನ್ನ ಓದಿ ಹೇಳುವ ಟಾಕ್‌ಬ್ಯಾಕ್ ಇದೆ. ನಮ್ಮ ಪೋಸ್ಟರ್ ಬಂದಾಗ ಅದು ಓದಿದ್ದು ಇಷ್ಟೇ: `May be an image of 1 person and text`. ಚಿತ್ರಕ್ಕೆ ನಾವು ವಿವರ ಬರೆಯದಿದ್ದರೆ ಫೇಸ್‌ಬುಕ್ ತಾನೇ ಊಹಿಸಿ ಹೀಗೆ ಬರೆಯುತ್ತೆ. ಆ ‘ಒಬ್ಬ ವ್ಯಕ್ತಿ’ ನಮ್ಮ ಬಾಬಾಸಾಹೇಬರು. ಆ ‘ಅಕ್ಷರ’ ನಮ್ಮ ಸಭೆ. ಹೆಸರೂ ಹೋಯ್ತು, ಬೇಡಿಕೆಯೂ ಹೋಯ್ತು.

ಇದನ್ನ ನಾವೇ ಬರೆಯಬಹುದು. ಫೋಟೋ ತೆರೆದು ಮೂರು ಚುಕ್ಕಿ ಒತ್ತಿದ್ರೆ `Edit alt text` ಅಂತ ಸಿಗುತ್ತೆ. ಮೊದಲ ಸಲ ನಾನು ‘ನೀಲಿ ಬಣ್ಣದ ಪೋಸ್ಟರ್, ಬಾಬಾಸಾಹೇಬರ ಫೋಟೋ ಇದೆ’ ಅಂತ ಬರೆದೆ. ಅದೂ ಪ್ರಯೋಜನಕ್ಕೆ ಬರಲಿಲ್ಲ, ಎಲ್ಲಿ ಯಾವಾಗ ಅನ್ನೋದೇ ಇರಲಿಲ್ಲ. ಈಗ ಹೀಗೆ ಬರೀತೀನಿ: ‘ಸ್ಮಶಾನ ಜಾಗಕ್ಕಾಗಿ ಸಭೆ. ಭಾನುವಾರ ಬೆಳಿಗ್ಗೆ 10 ಗಂಟೆ, ಸುಗಟೂರು ಬಸ್ ನಿಲ್ದಾಣದ ಹತ್ತಿರ. ಪಕ್ಕದಲ್ಲಿ ಡಾ. ಅಂಬೇಡ್ಕರ್ ಅವರ ಭಾವಚಿತ್ರ.’ ಪೋಸ್ಟರ್ ನೋಡದವರಿಗೆ ಫೋನಲ್ಲಿ ಹೇಳುವಾಗ ಏನು ಹೇಳ್ತೀವೋ ಅದನ್ನೇ ಬರೀಬೇಕು. ಬಾರ್ಡರು, ಬಣ್ಣ ಯಾರೂ ಹೇಳಲ್ಲ.

ಇನ್ನೊಂದು ಎಡವಟ್ಟು. ಡಿಸೈನ್ ಮಾಡುವ ಹುಡುಗ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದ. ಅಲ್ಲಿಂದ ಕಾಪಿ ಮಾಡಿ ಹಾಕಿದ್ರೆ ‘ಕೋಲಾರ’ ಅನ್ನೋದು `PÉÆÃ¯ÁgÀ` ಆಗಿ ಕೂತಿತ್ತು. ಫೋನು ಅದನ್ನ ಕನ್ನಡ ಅಂತ ಓದಲ್ಲ. ಆಫೀಸಲ್ಲಿ ದಿನಾ ನುಡಿ ಕುಟ್ಟುವ ನನಗೇ ಇದು ಹೊಳೆದಿರಲಿಲ್ಲ. ಯೂನಿಕೋಡ್‌ನಲ್ಲೇ ಬರೀಬೇಕು, ಫೋನಿನ ಕನ್ನಡ ಕೀಬೋರ್ಡ್ ಸಾಕು.

ಆದ್ರೆ ಇಷ್ಟಕ್ಕೇ ಮುಗಿಯಲ್ಲ. ಸಿಗ್ನಲ್ ಇಲ್ಲದ ಕಡೆ ಚಿತ್ರ ತೆರೆಯದೆ ಬರೀ ಬೂದು ಚೌಕ ಬರುತ್ತೆ. ಬ್ರೌಸರ್‌ನಲ್ಲಿ ನೋಡಿದ್ರೆ ಚಿತ್ರದ ಜಾಗದಲ್ಲಿ ಈ ವಿವರ ಕಾಣಬಹುದು. ಆಪ್‌ನಲ್ಲಿ ಅದನ್ನ ನಂಬಿಕೊಂಡು ಕೂರೋಕಾಗಲ್ಲ. ಅದಕ್ಕೇ ದಿನ, ಹೊತ್ತು, ಜಾಗವನ್ನ ಪೋಸ್ಟಿನ ಮೇಲಿನ ಬರಹದಲ್ಲೂ ಹಾಕ್ತೀನಿ. ವಾಟ್ಸಾಪ್‌ಗೆ ಕಳಿಸುವಾಗ ಫೋಟೋ ಕೆಳಗೆ ಬರೆದು, ಅದೇ ಸಾಲುಗಳನ್ನ ಬೇರೆ ಮೆಸೇಜಾಗಿಯೂ ಕಳಿಸ್ತೀನಿ. ಫಾರ್ವರ್ಡ್ ಮಾಡುವಾಗ ಫೋಟೋ ಕೆಳಗಿನ ಬರಹ ತೆಗೆದುಬಿಡೋರು ಇದ್ದಾರೆ.

ಮುಂದಿನ ಸಭೆಗೆ ಆ ಸಂಗಾತಿ ನನಗಿಂತ ಮೊದಲೇ ಬಂದು ಕೂತಿದ್ರು. “ಈ ಸಲ ನಿಮ್ಮ ಪೋಸ್ಟರ್ ಮಾತಾಡ್ತು ಅಣ್ಣಾ” ಅಂದ್ರು.

ಜೈ ಭೀಮ್.